ಒಎಲ್‌ಇಡಿನಾ, ಐಪಿಎಸ್ಸಾ? ರಾತ್ರಿ ಬೆಳಕಲ್ಲಿ ನೋಡಿ ತೀರ್ಮಾನಿಸಿ

"ಅಕ್ಕ, ಹೊಸ ಲ್ಯಾಪ್‌ಟಾಪ್ ಬಂದ್ಮೇಲೆ ರಾತ್ರಿ ಹೊತ್ತು ತಲೆ ಸಿಡಿಯತ್ತೆ. ಆಫೀಸಲ್ಲಿ ಮಾತ್ರ ಏನೂ ಆಗಲ್ಲ" ಅಂದಳು ಬಿಟಿಎಂ ಲೇಔಟ್‌ನಲ್ಲಿರುವ ಚಿಕ್ಕಮ್ಮನ ಮಗಳು. ಅವಳದು ಅಕೌಂಟ್ಸ್ ಕೆಲಸ, ದಿನಕ್ಕೆ ಒಂಬತ್ತು ಗಂಟೆ ಎಕ್ಸೆಲ್. ಬಣ್ಣ ಚೆನ್ನಾಗಿದೆ ಅಂತ ಒಎಲ್‌ಇಡಿ ತಗೊಂಡಿದ್ದಳು.

ಅದೇ ಲ್ಯಾಪ್‌ಟಾಪ್, ಅದೇ ಕಣ್ಣು. ಬದಲಾಗುತ್ತಿದ್ದದ್ದು ಬ್ರೈಟ್‌ನೆಸ್ ಮಾತ್ರ. ರಾತ್ರಿ ಅವಳು ಅದನ್ನು 20ಕ್ಕೆ ಇಳಿಸುತ್ತಿದ್ದಳು. ಬೆಳಕು ಕಡಿಮೆ ಮಾಡಲು ಬಹಳಷ್ಟು ಒಎಲ್‌ಇಡಿ ಪರದೆಗಳು ಸೆಕೆಂಡಿಗೆ ನೂರಾರು ಬಾರಿ ಆರಿ ಹತ್ತುತ್ತವೆ. ಇಳಿಸಿದಷ್ಟೂ ಆರಿರುವ ಹೊತ್ತು ಜಾಸ್ತಿ. ಈ ಮಿನುಗು ಕಣ್ಣಿಗೆ ಕಾಣದು, ಎಲ್ಲರಿಗೂ ತೊಂದರೆ ಕೊಡುವುದೂ ಇಲ್ಲ. ಆದರೆ ಕೆಲವರಿಗೆ ಕಣ್ಣುರಿ, ತಲೆನೋವು ಬರುತ್ತದೆ. ಐಪಿಎಸ್‌ನಲ್ಲಿ ಪರದೆಯ ಹಿಂದೊಂದು ದೀಪವಿರುತ್ತದೆ. ಅನೇಕ ಮಾಡೆಲ್‌ಗಳಲ್ಲಿ ಅದು ಮಿನುಗದೆ ಮಂದವಾಗುತ್ತದೆ, ಎಲ್ಲದರಲ್ಲೂ ಅಲ್ಲ.

ಅಂಗಡಿಯಲ್ಲೇ ಪರೀಕ್ಷಿಸಬಹುದು. ಪರದೆ ಮೇಲೆ ಬಿಳಿ ಪುಟ ತೆರೆದು, ಫೋನ್ ಕ್ಯಾಮೆರಾದ ಪ್ರೋ ಮೋಡ್‌ನಲ್ಲಿ ಶಟರ್ 1/1000 ಇಟ್ಟು ನೋಡಿ. ಬ್ರೈಟ್‌ನೆಸ್ 100ರಲ್ಲಿ ತೆಳು ಗೆರೆ ಓಡಿದರೆ ಚಿಂತೆಯಿಲ್ಲ. 20ಕ್ಕೆ ಇಳಿಸಿದಾಗ ದಪ್ಪ ಕಪ್ಪು ಪಟ್ಟೆಗಳು ಬಂದರೆ ಮಿನುಗು ಇದೆ ಅಂತಲೇ ಅರ್ಥ. ನಾವು ಅವಳ ಮನೆಯಲ್ಲಿ ನೋಡಿದಾಗ ಪಟ್ಟೆಗಳು ಎದ್ದು ಕಂಡವು. ಬ್ರೈಟ್‌ನೆಸ್ 70ರಲ್ಲೇ ಬಿಟ್ಟು, ಕೋಣೆಯ ಲೈಟ್ ಹಾಕಿಕೊಂಡು ಕೆಲಸ ಮಾಡು ಅಂದೆ. ಎರಡು ವಾರದಲ್ಲಿ ತಲೆನೋವು ಬಹುತೇಕ ನಿಂತಿತು.

ಆದರೆ ಇಲ್ಲೊಂದು ಸಿಕ್ಕು. ಒಎಲ್‌ಇಡಿಯಲ್ಲಿ ಪ್ರತಿ ಚುಕ್ಕಿಯೂ ತಾನೇ ಉರಿದು ಸವೆಯುತ್ತದೆ, ನೀಲಿ ಬೇಗ ಸವೆಯುತ್ತದೆ. ಬೆಳಕು ಹೆಚ್ಚಿಟ್ಟಷ್ಟೂ ಸವೆತ ಹೆಚ್ಚು. ಅವಳ ಟಾಸ್ಕ್‌ಬಾರ್ ದಿನಕ್ಕೆ ಒಂಬತ್ತು ಗಂಟೆ, ತಿಂಗಳಿಗೆ 22 ದಿನ ಒಂದೇ ಜಾಗದಲ್ಲಿದ್ದರೆ ವರ್ಷಕ್ಕೆ ಸುಮಾರು 2,400 ಗಂಟೆ. ಮುಂದೆ ಅದರ ನೆರಳು ಅಲ್ಲೇ ಉಳಿದುಬಿಡಬಹುದು. ಇದೇ ಬರ್ನ್-ಇನ್. ಹಾಗಾಗಿ ಟಾಸ್ಕ್‌ಬಾರ್ ತಾನಾಗಿ ಮರೆಯಾಗುವಂತೆ ಮಾಡಿ, ಡಾರ್ಕ್ ಮೋಡ್ ಹಾಕಿ, ಮೂರು ನಿಮಿಷಕ್ಕೆ ಪರದೆ ಆರುವ ಹಾಗೆ ಇಟ್ಟೆವು. ಆಗಾಗ ಪರದೆ ತುಂಬ ಬೂದು ಬಣ್ಣದ ಚಿತ್ರ ತೆರೆದರೆ ನೆರಳು ಬಿದ್ದಿದೆಯಾ ಗೊತ್ತಾಗುತ್ತದೆ. ವಾರಂಟಿಯಲ್ಲಿ ಬರ್ನ್-ಇನ್ ಸೇರಿದೆಯಾ ಅಂತ ಕೊಳ್ಳುವ ಮೊದಲೇ ಬರಹದಲ್ಲಿ ಕೇಳಿ.

ಜಯನಗರದ ಹಳೇ ಮನೆಗಳ ದೊಡ್ಡ ಕಿಟಕಿ ಪಕ್ಕ ಕೂರುವವರಾದರೆ ಇನ್ನೊಂದು ಮಾತು. ಒಎಲ್‌ಇಡಿ ಹೆಚ್ಚಾಗಿ ಕನ್ನಡಿಯಂತೆ ಹೊಳೆಯುತ್ತದೆ, ಕಿಟಕಿಯೇ ಪರದೆಯಲ್ಲಿ ಕಾಣುತ್ತದೆ. ಮ್ಯಾಟ್ ಐಪಿಎಸ್ ಅಲ್ಲಿ ಹಿತ. ಆದರೆ ಅಗ್ಗದವು 250 ನಿಟ್ಸ್ ಇರುತ್ತವೆ, ಹಗಲಲ್ಲಿ ಸಾಲದು. ಕನಿಷ್ಠ 300, ಆದರೆ 400 ನೋಡಿ.

ದಿನವಿಡೀ ಎಕ್ಸೆಲ್, ಮೇಲ್ ಅಂದರೆ ನನ್ನ ಮತ ಒಳ್ಳೆ ಐಪಿಎಸ್‌ಗೆ. ಫೋಟೊ, ವಿಡಿಯೊ ಕೆಲಸ, ಸಂಜೆ ಸಿನಿಮಾ ಅಂದರೆ ಒಎಲ್‌ಇಡಿ. ಯಾವುದೇ ಆಗಲಿ, ಬ್ರೈಟ್‌ನೆಸ್ 20ರಲ್ಲಿ ಒಮ್ಮೆ ನೋಡದೆ ದುಡ್ಡು ಕೊಡಬೇಡಿ.