ರಾತ್ರಿ ಹೊತ್ತು ಕೈಕೊಡುವ ಕ್ಯಾಮೆರಾ

ಮಗು ಮಲಗುವ ಕೋಣೆಯಲ್ಲಿ ವೈಫೈ ಕ್ಯಾಮೆರಾ ಇಟ್ಟುಕೊಂಡವರದು ಸಾಮಾನ್ಯವಾಗಿ ಒಂದೇ ದೂರು. ಹಗಲೆಲ್ಲ ಚೆನ್ನಾಗಿಯೇ ಇರುತ್ತದೆ, ರಾತ್ರಿ ಹತ್ತು ದಾಟಿತೆಂದರೆ ಚಿತ್ರ ಅಲ್ಲಲ್ಲೇ ನಿಲ್ಲುತ್ತದೆ, ಆಮೇಲೆ ಮೊಬೈಲಿನಲ್ಲಿ ಆಫ್‌ಲೈನ್ ಎಂದು ಬರುತ್ತದೆ. ಕ್ಯಾಮೆರಾ ಕೆಟ್ಟಿದೆಯೆಂದು ಹೊಸದು ತಂದರೂ ಅದೇ ಕತೆ. ದೋಷ ಬಹಳ ಸಲ ಕ್ಯಾಮೆರಾದಲ್ಲಿ ಇರುವುದಿಲ್ಲ. ಹಗಲಿನಲ್ಲೇ ಹೇಗೋ ಹಾಗೋ ಸಾಗುತ್ತಿದ್ದ ಸಿಗ್ನಲ್ಲು ರಾತ್ರಿ ಸಾಲದೆ ಹೋಗುತ್ತದೆ, ಅಷ್ಟೆ.

ರಾತ್ರಿ ಏನು ಬದಲಾಗುತ್ತದೆ? ಮೊದಲನೆಯದಾಗಿ, ಮಗು ಎಚ್ಚರವಾಗದಿರಲಿ ಎಂದು ಕೋಣೆಯ ಬಾಗಿಲು ಮುಚ್ಚುತ್ತೇವೆ. ಅದೇ ಹೊತ್ತಿಗೆ ಅಕ್ಕಪಕ್ಕದ ಮನೆಗಳಲ್ಲಿ ಎಲ್ಲರೂ ಸಿನಿಮಾ, ಕ್ರಿಕೆಟ್ಟು ನೋಡಲು ಕೂತಿರುತ್ತಾರೆ. ಇತ್ತ ಕತ್ತಲಾದೊಡನೆ ಕ್ಯಾಮೆರಾ ‘ಟಿಕ್’ ಎಂದು ಸದ್ದು ಮಾಡಿ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ದೀಪ ಹೊತ್ತಿಸಿಕೊಳ್ಳುತ್ತದೆ. ಆಗ ಅದಕ್ಕೆ ಹೆಚ್ಚು ಕರೆಂಟು ಬೇಕು. ಈ ಮೂರರಲ್ಲಿ ಯಾವುದು ನಮ್ಮ ಮನೆಯ ಕಾರಣ ಎಂದು ಪತ್ತೆಹಚ್ಚಿದರೆ ಅರ್ಧ ಕೆಲಸ ಮುಗಿದಂತೆ.

ಕರೆಂಟಿನ ವಿಷಯವನ್ನು ಮೊದಲು ನೋಡಿಬಿಡೋಣ, ಅದನ್ನು ಗುರುತಿಸುವುದು ಸುಲಭ. ಕ್ಯಾಮೆರಾ ಜೊತೆ ಬಂದ ಅಡಾಪ್ಟರ್ ಬಿಟ್ಟು ಹಳೆಯ ಮೊಬೈಲಿನ ಚಾರ್ಜರಿಗೆ, ಉದ್ದನೆಯ ತೆಳು ಕೇಬಲ್ಲಿಗೆ ಸಿಕ್ಕಿಸಿದ್ದರೆ, ದೀಪ ಹೊತ್ತಿದಾಗ ವೋಲ್ಟೇಜು ಕುಸಿದು ಕ್ಯಾಮೆರಾ ರೀಸ್ಟಾರ್ಟ್ ಆಗಬಹುದು. ತಿರುಗುವ ಕ್ಯಾಮೆರಾ ಆದರೆ ಪ್ರತಿ ಸಲ ಆನ್ ಆದಾಗಲೂ ಸಾಮಾನ್ಯವಾಗಿ ತಲೆಯನ್ನು ಒಂದು ಸುತ್ತು ಆಡಿಸುತ್ತದೆ. ಆಫ್‌ಲೈನ್ ಆದ ಮೇಲೆ ಹೀಗೆ ತಲೆ ತಿರುಗಿಸಿದರೆ ಅನುಮಾನ ಅಡಾಪ್ಟರ್ ಮೇಲೆ. ತಲೆ ಅಲ್ಲಾಡದೆ, ಬರೀ ಸೂಚಕ ದೀಪದ ಬಣ್ಣ ಬದಲಾದರೆ ಅನುಮಾನ ವೈಫೈ ಮೇಲೆ.

ಈಗ ವೈಫೈ. ಮನೆಯ ರೌಟರ್ ಸಾಮಾನ್ಯವಾಗಿ ಎರಡು ಬ್ಯಾಂಡುಗಳಲ್ಲಿ ಕೆಲಸ ಮಾಡುತ್ತದೆ, 2.4 ಗಿಗಾಹರ್ಟ್ಜ್ ಮತ್ತು 5 ಗಿಗಾಹರ್ಟ್ಜ್. 5ರದು ವೇಗ ಹೆಚ್ಚು, ಆದರೆ ಗೋಡೆ, ಬಾಗಿಲು ದಾಟುವಾಗ ಅದು ಬೇಗ ಸೊರಗುತ್ತದೆ. 2.4ರದು ವೇಗ ಕಡಿಮೆ, ಆದರೆ ಒಂದೆರಡು ಗೋಡೆ ದಾಟಿದರೂ ಜೀವ ಉಳಿಸಿಕೊಂಡಿರುತ್ತದೆ. ಮಗುವಿನ ಕ್ಯಾಮೆರಾದ ಚಿತ್ರಕ್ಕೆ ಭಾರಿ ವೇಗ ಬೇಕಿಲ್ಲ, ಸಾಮಾನ್ಯವಾಗಿ ಸೆಕೆಂಡಿಗೆ ಒಂದೆರಡು ಮೆಗಾಬಿಟ್ ಸಾಕು. ಬೇಕಾದದ್ದು ತುಂಡಾಗದ ಸಂಪರ್ಕ. ಹಾಗಾಗಿ ರೌಟರ್ ಬೇರೆ ಕೋಣೆಯಲ್ಲಿದ್ದರೆ ಕ್ಯಾಮೆರಾಗೆ 2.4 ಬ್ಯಾಂಡೇ ಸರಿ. ಅಗ್ಗದ ಕ್ಯಾಮೆರಾಗಳಲ್ಲಿ ಹೆಚ್ಚಿನವಕ್ಕೆ ಅದೊಂದೇ ಗೊತ್ತು.

ಎರಡೂ ಬ್ಯಾಂಡು ಬಲ್ಲ ಕ್ಯಾಮೆರಾದಲ್ಲಿ ತೊಡಕು ಬೇರೆ ಬಗೆಯದು. ಈಗಿನ ರೌಟರುಗಳು ಎರಡು ಬ್ಯಾಂಡಿಗೂ ಒಂದೇ ಹೆಸರಿಟ್ಟು, ಯಾವ ಸಾಧನ ಎಲ್ಲಿರಬೇಕೆಂದು ತಾವೇ ತಳ್ಳಾಡುತ್ತವೆ. ರೌಟರಿನ ಪುಟದಲ್ಲಿ ಇದಕ್ಕೆ Smart Connect ಅಥವಾ Band Steering ಎಂಬ ಹೆಸರಿರುತ್ತದೆ. ಹಗಲು ಬಾಗಿಲು ತೆರೆದಿದ್ದಾಗ 5ಕ್ಕೆ ಹೋಗಿ ಕೂತ ಕ್ಯಾಮೆರಾ, ರಾತ್ರಿ ಬಾಗಿಲು ಮುಚ್ಚಿದಾಗ ಅಲ್ಲಿ ನಿಲ್ಲಲಾರದೆ 2.4ಕ್ಕೆ ಬರುತ್ತದೆ, ಮತ್ತೆ ಅತ್ತ ಹೋಗುತ್ತದೆ. ಪ್ರತಿ ಓಡಾಟಕ್ಕೂ ಚಿತ್ರ ನಿಲ್ಲುತ್ತದೆ. ಆ ಸೌಲಭ್ಯ ತೆಗೆದುಹಾಕಿ, ಎರಡು ಬ್ಯಾಂಡಿಗೆ ಬೇರೆ ಬೇರೆ ಹೆಸರಿಟ್ಟು, ಕ್ಯಾಮೆರಾವನ್ನು 2.4ಕ್ಕೆ ಮಾತ್ರ ಸೇರಿಸಿದರೆ ಈ ತೊಂದರೆ ತಪ್ಪುತ್ತದೆ. ಮೊಬೈಲು, ಟಿವಿಗಳನ್ನು 5ಕ್ಕೆ ಹಾಕಿದರೆ 2.4ರಲ್ಲಿ ಕ್ಯಾಮೆರಾಗೆ ಜಾಗವೂ ಸಿಗುತ್ತದೆ.

ಬ್ಯಾಂಡು ಸರಿಯಾಯಿತು, ಆದರೂ ರೌಟರ್ ಇಟ್ಟ ಜಾಗ ಸರಿಯಿಲ್ಲದಿದ್ದರೆ ಪ್ರಯೋಜನವಿಲ್ಲ. ಬೆಂಗಳೂರಿನ ಒಂದು ಟು ಬಿಎಚ್‌ಕೆ ಫ್ಲಾಟನ್ನು ಊಹಿಸಿಕೊಳ್ಳಿ. ಫೈಬರ್ ವೈರು ಹಾಲಿಗೆ ಬಂದಿದೆ, ಹಾಗಾಗಿ ರೌಟರ್ ಟಿವಿ ಶೋಕೇಸಿನೊಳಗೆ, ಟಿವಿಯ ಹಿಂದೆ ಕೂತಿದೆ. ಆ ಗೋಡೆಯಾಚೆ ಮಲಗುವ ಕೋಣೆ. ಅಲ್ಲಿ ಅದೇ ಗೋಡೆಗೆ ಒರಗಿಸಿ ಕಬ್ಬಿಣದ ಬೀರು ನಿಲ್ಲಿಸಿದ್ದಾರೆ, ಅದರಾಚೆ ತೊಟ್ಟಿಲು, ಕ್ಯಾಮೆರಾ. ಗೋಡೆ ಅಷ್ಟೋ ಇಷ್ಟೋ ಬಿಟ್ಟುಕೊಡುತ್ತದೆ, ಕಬ್ಬಿಣದ ಬೀರು ಬಿಡುವುದಿಲ್ಲ. ಸಿಗ್ನಲ್ಲು ಹೆಚ್ಚಾಗಿ ಬರುತ್ತಿರುವುದು ಪ್ಯಾಸೇಜಿನ ಕಡೆಯಿಂದ ಸುತ್ತಿ, ತೆರೆದ ಬಾಗಿಲಿನ ಮೂಲಕ. ರಾತ್ರಿ ಆ ಬಾಗಿಲೂ ಮುಚ್ಚುತ್ತದೆ.

ಇದನ್ನು ಅಂಕಿಯಲ್ಲಿ ನೋಡಬಹುದು. ಕ್ಯಾಮೆರಾದ ಆ್ಯಪಿನಲ್ಲಿ ಅಥವಾ ರೌಟರಿನ ಪುಟದ ಸಾಧನಗಳ ಪಟ್ಟಿಯಲ್ಲಿ ಹಲವು ಸಲ ಸಿಗ್ನಲ್ ಬಲವನ್ನು ಡಿಬಿಎಂ ಲೆಕ್ಕದಲ್ಲಿ ತೋರಿಸುತ್ತಾರೆ. ಅಂಕಿ ಮೈನಸ್ಸಿನಲ್ಲಿರುತ್ತದೆ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. −65ರ ಆಸುಪಾಸಿನವರೆಗೆ ವಿಡಿಯೊ ನಿರಾತಂಕ, −75 ದಾಟಿದರೆ ಯಾವಾಗ ಬೇಕಾದರೂ ಕೈಕೊಡಬಹುದು. ಮೂರು ಅಂಕಿ ಇಳಿದರೆ ಬಲ ಅರ್ಧವಾಯಿತೆಂದು ಲೆಕ್ಕ. ನಮ್ಮ ಫ್ಲಾಟಿನಲ್ಲಿ ಬಾಗಿಲು ತೆರೆದಾಗ −70 ಇದ್ದದ್ದು ಮುಚ್ಚಿದಾಗ −76 ಆಯಿತೆನ್ನಿ. ಆರೇ ಅಂಕಿಯ ವ್ಯತ್ಯಾಸ, ಆದರೆ ಕ್ಯಾಮೆರಾಗೆ ಮುಟ್ಟುತ್ತಿರುವುದು ಮೊದಲಿನ ಕಾಲು ಭಾಗ. ಇಲ್ಲಿ ಮಾಡಬೇಕಾದದ್ದು ರೌಟರನ್ನು ಶೋಕೇಸಿನಿಂದ ಹೊರತೆಗೆದು, ಮಲಗುವ ಕೋಣೆಯ ಬಾಗಿಲು ಕಾಣುವ ಹಾಗೆ ಪ್ಯಾಸೇಜಿನ ಗೋಡೆಯಲ್ಲಿ ಆಳೆತ್ತರಕ್ಕೆ ಕೂರಿಸುವುದು. ಆಗ ನಡುವೆ ಉಳಿಯುವುದು ಮರದ ಬಾಗಿಲೊಂದೇ. ಫೈಬರ್ ಪೆಟ್ಟಿಗೆ, ರೌಟರ್ ಬೇರೆ ಬೇರೆ ಇದ್ದರೆ ನಡುವೆ ಉದ್ದನೆಯ ಲ್ಯಾನ್ ಕೇಬಲ್ ಎಳೆದರೆ ಆಯಿತು. ಎರಡೂ ಒಂದೇ ಪೆಟ್ಟಿಗೆಯಾದರೆ ಫೈಬರನ್ನೇ ಉದ್ದ ಮಾಡಬೇಕು. ಅದನ್ನು ಇಂಟರ್‌ನೆಟ್ ಕೊಟ್ಟವರ ಕೈಯಲ್ಲೇ ಮಾಡಿಸಿ, ಚೂಪಾಗಿ ಬಾಗಿಸಿದರೆ ಫೈಬರ್ ಕೆಡುತ್ತದೆ.

ರೌಟರ್ ಸರಿಸಲು ಆಗದಿದ್ದರೆ ಬೀರುವನ್ನು ಬೇರೆ ಗೋಡೆಗೆ ಸರಿಸಿ, ಇಲ್ಲವೇ ಕ್ಯಾಮೆರಾ ಜಾಗ ಬದಲಾಯಿಸಿ. ಆದರೆ ಸಿಗ್ನಲ್ ಸಿಕ್ಕಿತೆಂದು ತೊಟ್ಟಿಲಿನ ಕಟಾಂಜನಕ್ಕೆ ಕಟ್ಟಬೇಡಿ. ವೈರು ಕುತ್ತಿಗೆಗೆ ಸುತ್ತಿಕೊಳ್ಳುವ ಅಪಾಯವಿರುವುದರಿಂದ ಕ್ಯಾಮೆರಾ ಮತ್ತು ಅದರ ವೈರು ಮಗುವಿನಿಂದ ಕನಿಷ್ಠ ಮೂರು ಅಡಿ ದೂರವಿರಬೇಕು.

ಇನ್ನು ನೆರೆಮನೆಯವರ ವಿಷಯ. 2.4 ಬ್ಯಾಂಡಿನಲ್ಲಿ ನಮ್ಮಲ್ಲಿ 13 ಚಾನೆಲ್ಲುಗಳಿವೆ, ಆದರೆ ಅವು ಒಂದರ ಮೇಲೊಂದು ಹಬ್ಬಿಕೊಂಡಿರುತ್ತವೆ. ಒಂದಕ್ಕೊಂದು ತಾಕದಂತೆ ಬಳಸುವುದಾದರೆ 1, 6, 11 ಈ ಮೂರೇ. ಅಪಾರ್ಟ್‌ಮೆಂಟಿನಲ್ಲಿ ಹತ್ತಾರು ರೌಟರುಗಳು ಈ ಮೂರರಲ್ಲೇ ಸರದಿ ಕಾಯಬೇಕು. ಚಾನೆಲ್ಲನ್ನು Auto ಎಂದು ಬಿಟ್ಟಿದ್ದರೆ ಕೆಲವು ರೌಟರುಗಳು ಗದ್ದಲ ಹೆಚ್ಚಾದಾಗ ಸದ್ದಿಲ್ಲದೆ ಬೇರೆ ಚಾನೆಲ್ಲಿಗೆ ಹೋಗುತ್ತವೆ. ಮೊಬೈಲು ತಕ್ಷಣ ಹಿಂದೆಯೇ ಹೋಗುತ್ತದೆ. ಅಗ್ಗದ ಕ್ಯಾಮೆರಾ ಮಾತ್ರ ರೌಟರ್ ಎಲ್ಲಿ ಹೋಯಿತೆಂದು ಹುಡುಕುತ್ತಾ ಉಳಿಯುತ್ತದೆ. ರಾತ್ರಿ ಹತ್ತರ ಹೊತ್ತಿಗೆ ವೈಫೈ ಅನಲೈಸರ್ ಆ್ಯಪಿನಲ್ಲಿ ನೋಡಿ, ಮೂರರಲ್ಲಿ ಕಡಿಮೆ ಗದ್ದಲದ ಒಂದನ್ನು ಖಾಯಂ ಮಾಡಿ. ಚಾನೆಲ್ ಅಗಲವನ್ನು 40 ಬಿಟ್ಟು 20 ಮೆಗಾಹರ್ಟ್ಜ್‌ಗೆ ಇಳಿಸಿ. ಹಗಲು ನೋಡಿ ಆರಿಸಿದ ಚಾನೆಲ್ ರಾತ್ರಿಗೆ ಸರಿಹೋಗುತ್ತದೆಂಬ ಖಾತರಿ ಇಲ್ಲ.

ಇಷ್ಟಾದ ಮೇಲೂ ಬಾಗಿಲು ಮುಚ್ಚಿದಾಗ ಅಂಕಿ −75ರ ಆಚೆಯೇ ಇದ್ದರೆ ಸೆಟ್ಟಿಂಗು ತಿದ್ದಿ ಫಲವಿಲ್ಲ. ಕೋಣೆಗೇ ಲ್ಯಾನ್ ಕೇಬಲ್ ಎಳೆದು ಅಲ್ಲೊಂದು ಚಿಕ್ಕ ಆಕ್ಸೆಸ್ ಪಾಯಿಂಟ್ ಇಡುವುದೇ ದಾರಿ. ಅಂಕಿ ಚೆನ್ನಾಗಿದ್ದೂ ಆಫ್‌ಲೈನ್ ಬಂದರೆ, ಆ ಕ್ಷಣ ಮೊಬೈಲಿನಲ್ಲಿ ಬೇರೇನಾದರೂ ತೆರೆಯುತ್ತದೆಯೇ ನೋಡಿ. ಹೆಚ್ಚಿನ ಕ್ಯಾಮೆರಾಗಳು ದೂರದ ಸರ್ವರ್ ಮೂಲಕ ಮಾತಾಡುವುದರಿಂದ ಮನೆಯ ಇಂಟರ್‌ನೆಟ್ ಹೋದರೂ ಅದೇ ಸೂಚನೆ ಬರುತ್ತದೆ. ಆಗ ರೌಟರ್ ಎಲ್ಲಿಟ್ಟರೂ ಒಂದೇ, ಫೋನು ಮಾಡಬೇಕಾದ್ದು ಇಂಟರ್‌ನೆಟ್ ಕೊಟ್ಟವರಿಗೆ.