ನಡಿಗೆಯಿಂದ ಅರ್ಧ ಗಂಟೆಯ ಓಟಕ್ಕೆ: ಮೊಣಕಾಲಿನ ಕೆಳಗಿನ ಮೂಳೆಗೂ ಸಮಯ ಕೊಡಿ

ಹೊಸದಾಗಿ ಓಡಲು ಶುರುಮಾಡಿದವರಿಗೆ ಮೂರ್ನಾಲ್ಕು ವಾರಗಳಲ್ಲೇ ಏದುಸಿರು ಕಡಿಮೆಯಾಗುತ್ತದೆ. ಹೃದಯ, ಶ್ವಾಸಕೋಶಗಳು ಬೇಗ ಹೊಂದಿಕೊಳ್ಳುತ್ತವೆ. ಆದರೆ ಕಾಲಿನ ಮೂಳೆ ಮತ್ತು ಸ್ನಾಯುರಜ್ಜುಗಳು ಗಟ್ಟಿಯಾಗಲು ತಿಂಗಳುಗಳೇ ಬೇಕು. ಉಸಿರು ಸಾಕಾಗುತ್ತಿದೆ ಎಂದು ಓಟ ಹೆಚ್ಚಿಸಿದಾಗಲೇ ಹೆಚ್ಚಿನ ಗಾಯಗಳಾಗುತ್ತವೆ.

ಶುರುಮಾಡುವ ಮೊದಲು

ವಾರಕ್ಕೆ ಐದು ದಿನ, 30 ನಿಮಿಷ ಬಿರುಸಾಗಿ ನಡೆದರೂ ನೋವಿಲ್ಲದಿದ್ದರೆ ಓಟ ಆರಂಭಿಸಬಹುದು. ಹೃದ್ರೋಗ, ಮಧುಮೇಹ, ರಕ್ತದೊತ್ತಡ ಇರುವವರು ಅಥವಾ ನಡೆಯುವಾಗ ಎದೆನೋವು, ತಲೆಸುತ್ತು ಬರುವವರು ಮೊದಲು ವೈದ್ಯರನ್ನು ಕಾಣಬೇಕು.

12 ವಾರಗಳ ಕ್ರಮ

ವಾರಕ್ಕೆ ಮೂರು ದಿನ ಮಾತ್ರ ಓಡಿ. ನಡುವೆ ಒಂದು ದಿನ ಬಿಡಿ. ಪ್ರತಿ ಸಲ ಮೊದಲು ಮತ್ತು ಕೊನೆಗೆ ಐದು ನಿಮಿಷ ನಡೆಯಿರಿ.

- 1–2ನೇ ವಾರ: 1 ನಿಮಿಷ ಓಟ, 2 ನಿಮಿಷ ನಡಿಗೆ, 8 ಸಲ
- 3–4: 2 ನಿಮಿಷ ಓಟ, 2 ನಿಮಿಷ ನಡಿಗೆ, 6 ಸಲ
- 5–6: 4 ನಿಮಿಷ ಓಟ, 2 ನಿಮಿಷ ನಡಿಗೆ, 4 ಸಲ
- 7–8: 8 ನಿಮಿಷ ಓಟ, 2 ನಿಮಿಷ ನಡಿಗೆ, 3 ಸಲ
- 9–10: 14 ನಿಮಿಷ ಓಟ, 2 ನಿಮಿಷ ನಡಿಗೆ, ಮತ್ತೆ 14 ನಿಮಿಷ ಓಟ
- 11: 20 ನಿಮಿಷ ನಿಲ್ಲದೆ ಓಟ
- 12: ಮೊದಲು 25, ವಾರದ ಕೊನೆಗೆ 30 ನಿಮಿಷ

ಓಡುತ್ತಲೇ ಪೂರ್ಣ ವಾಕ್ಯ ಮಾತನಾಡಲು ಆಗಬೇಕು. ಆಗದಿದ್ದರೆ ವೇಗ ತಗ್ಗಿಸಿ. ಒಂದು ಹಂತ ಕಷ್ಟವೆನಿಸಿದರೆ ಅದನ್ನೇ ಇನ್ನೊಂದು ವಾರ ಮಾಡಿ.

ಮುಂಬಯಿಯ ಸೆಕೆ

ಇಲ್ಲಿನ ಗಾಳಿಯಲ್ಲಿ ತೇವ ಹೆಚ್ಚಿರುವುದರಿಂದ ಬೆವರು ಬೇಗ ಆರುವುದಿಲ್ಲ, ಮೈ ತಂಪಾಗುವುದಿಲ್ಲ. ಅದೇ ವೇಗಕ್ಕೆ ಹೃದಯ ಹೆಚ್ಚು ದುಡಿಯಬೇಕಾಗುತ್ತದೆ. ಆದ್ದರಿಂದ ಬೆಳಗಿನ ಜಾವ ಓಡಿ, ಗಡಿಯಾರದ ವೇಗ ನೋಡಬೇಡಿ. ಮರೀನ್ ಡ್ರೈವ್, ಶಿವಾಜಿ ಪಾರ್ಕಿನಂಥ ಕಡೆ ವಾಹನದ ಅಡ್ಡಿಯಿಲ್ಲದೆ ಓಡಬಹುದು. ಮಳೆಗಾಲದಲ್ಲಿ ಪಾಚಿಗಟ್ಟಿದ ಹಾಸುಗಲ್ಲಿನ ಮೇಲೆ ಬೇಡ.

ನೋವು ಬಂದರೆ

ದಾದರಿನ 45 ವರ್ಷದ ಗೃಹಿಣಿಯೊಬ್ಬರು ನಾಲ್ಕನೇ ವಾರ ಉಸಿರು ಸುಲಭವಾಯಿತೆಂದು ನೇರವಾಗಿ 8 ನಿಮಿಷದ ಓಟಕ್ಕೆ ಹಾರಿದರು ಎಂದುಕೊಳ್ಳಿ. ವಾರದೊಳಗೆ ಮೊಣಕಾಲಿನ ಕೆಳಗೆ, ಮೂಳೆಯ ಒಳಬದಿಯುದ್ದಕ್ಕೂ ನೋವು. ಒತ್ತಿ ನೋಡಿದರೆ ಒಂದು ಗೇಣಿನಷ್ಟು ಉದ್ದಕ್ಕೂ ನೋಯುತ್ತದೆ. ಓಡುತ್ತ ಮೈ ಬಿಸಿಯಾದಂತೆ ಕಡಿಮೆಯಾಗುತ್ತದೆ. ಇದು ಮೂಳೆಯ ಅಂಚಿಗೆ ಬಿದ್ದ ಒತ್ತಡದ ನೋವು, ಇದನ್ನು ಶಿನ್ ಸ್ಪ್ಲಿಂಟ್ಸ್ ಎನ್ನುತ್ತಾರೆ. ನಡೆಯುವಾಗ ನೋವು ಪೂರ್ತಿ ಹೋಗುವವರೆಗೆ ಅವರು ಓಟ ನಿಲ್ಲಿಸಬೇಕು. ಬಳಿಕ 1 ನಿಮಿಷ ಓಟದ ಹಂತದಿಂದ ಮತ್ತೆ ಆರಂಭಿಸಬೇಕು.

ಆದರೆ ನೋವು ಬೆರಳ ತುದಿಯಷ್ಟು ಒಂದೇ ಜಾಗದಲ್ಲಿದ್ದರೆ, ಓಡಿದಷ್ಟೂ ಹೆಚ್ಚಿದರೆ, ರಾತ್ರಿ ಮಲಗಿದಾಗಲೂ ಕಾಡಿದರೆ ಮೂಳೆಯಲ್ಲಿ ಸಣ್ಣ ಬಿರುಕು ಇರಬಹುದು. ಕೂಡಲೇ ಓಟ ನಿಲ್ಲಿಸಿ ಮೂಳೆ ತಜ್ಞರಿಗೆ ತೋರಿಸಿ. ಆರಂಭದಲ್ಲಿ ಇಂಥ ಬಿರುಕು ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದು. ಆದ್ದರಿಂದ ಎಕ್ಸ್‌ರೇ ಸರಿಯಿದೆ ಎಂದ ಮಾತ್ರಕ್ಕೆ ವೈದ್ಯರನ್ನು ಕೇಳದೆ ಓಡಬೇಡಿ. ನೋವಿನ ಮಾತ್ರೆ ನುಂಗಿ ಓಡುವುದಂತೂ ಬೇಡವೇ ಬೇಡ.