ಡಿಗ್ರಿ ಇದ್ದವರಿಗೆ ಆದ್ಯತೆ ಎಂದರೆ ಎಷ್ಟು ಆದ್ಯತೆ?

ಪೀಣ್ಯದಲ್ಲಿ ವಾಹನದ ಬಿಡಿಭಾಗ ಮಾಡುವ ಒಂದು ಕಾರ್ಖಾನೆಗೆ ಮೆಂಟೆನೆನ್ಸ್ ಎಂಜಿನಿಯರ್ ಬೇಕಾಗಿದೆ ಎಂದುಕೊಳ್ಳಿ. ಹತ್ತು ಹನ್ನೆರಡು ಸಿಎನ್‌ಸಿ ಯಂತ್ರಗಳು, ಪಾಳಿಯ ಕೆಲಸ. ಅರ್ಹತೆಯ ಜಾಗದಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಅಥವಾ ಬಿಇ, ಬಿಇ ಆದವರಿಗೆ ಆದ್ಯತೆ ಎಂದಿದೆ. ಮೇಜಿನ ಮೇಲೆ ಎರಡು ರೆಸ್ಯೂಮೆ ಉಳಿದಿವೆ, ಇಬ್ಬರಿಗೂ 23 ವರ್ಷ.

ಆದ್ಯತೆ ಅಂದರೆ ಮೀಸಲಲ್ಲ. ಸರ್ಕಾರಿ ನೇಮಕಾತಿಯ ಮಟ್ಟಿಗೆ ಇದನ್ನು ಸುಪ್ರೀಂ ಕೋರ್ಟ್ 2003ರಲ್ಲಿ, ಆಂಧ್ರಪ್ರದೇಶ ಲೋಕಸೇವಾ ಆಯೋಗದ ಪ್ರಕರಣವೊಂದರಲ್ಲಿ ಬಿಡಿಸಿ ಹೇಳಿತು. ಉಳಿದದ್ದೆಲ್ಲ ಸರಿಸಮ ಇದ್ದಾಗ ಮಾತ್ರ ಆದ್ಯತೆಗೆ ಬೆಲೆ, ಹೆಚ್ಚಿನ ಓದಿನವರನ್ನೆಲ್ಲ ಸಾರಾಸಗಟಾಗಿ ಮೇಲಕ್ಕೆ ತರುವಂತಿಲ್ಲ. ಖಾಸಗಿ ಕಾರ್ಖಾನೆಗೆ ಈ ಕಟ್ಟುಪಾಡು ಇಲ್ಲ. ಅಲ್ಲಿ ಎಚ್‌ಆರ್‌ನವರು ಕಳೆದ ವರ್ಷದ ಜಾಹೀರಾತನ್ನೇ ಎತ್ತಿ ಹಾಕಿರುವುದೂ ಉಂಟು. ಆದರೂ ಓದುವ ಕ್ರಮ ಅದೇ ಇರಬೇಕು: ಮೊದಲು ಕೆಲಸ ತೂಗಿ ನೋಡುವುದು, ತಕ್ಕಡಿ ಸಮ ನಿಂತರೆ ಡಿಗ್ರಿ.

ತೂಗುವ ಮುಂಚೆ ವರ್ಷಗಳನ್ನು ಎಸ್ಸೆಸ್ಸೆಲ್ಸಿಯಿಂದ ಎಣಿಸಿ. 16ಕ್ಕೆ ಎಸ್ಸೆಸ್ಸೆಲ್ಸಿ ಮುಗಿಸಿ ಪಾಲಿಟೆಕ್ನಿಕ್ ಸೇರಿದವನು 19ಕ್ಕೆ ಹೊರಬಂದಿದ್ದಾನೆ. ಒಂದು ವರ್ಷ ಅಪ್ರೆಂಟಿಸ್, ಆಮೇಲೆ ಮೂರು ವರ್ಷ ನೌಕರಿ. ಪಿಯುಸಿ ಎರಡು ವರ್ಷ, ಬಿಇ ನಾಲ್ಕು ವರ್ಷ ಓದಿದವಳು 22ಕ್ಕೆ ಹೊರಬಂದು ಒಂದು ವರ್ಷ ದುಡಿದಿದ್ದಾಳೆ. ಹಾಗಾಗಿ ಇಲ್ಲಿ ಪ್ರಶ್ನೆ ಯಾರ ಓದು ದೊಡ್ಡದು ಎಂಬುದಲ್ಲ. ಅವಳು ಕಾಲೇಜಿನಲ್ಲಿ ಕಳೆದ ಆ ಮೂರು ವರ್ಷ ಅವನು ಶಾಪ್ ಫ್ಲೋರಿನಲ್ಲಿ ಏನು ಮಾಡಿದ?

ಅವನ ರೆಸ್ಯೂಮೆಯಲ್ಲಿ ಬರೀ ‘ಸಿಎನ್‌ಸಿ ಮೆಂಟೆನೆನ್ಸ್’ ಎಂದಿದ್ದರೆ ಅದರಿಂದ ಏನೂ ತಿಳಿಯುವುದಿಲ್ಲ, ಆಯಿಲ್ ಹಾಕಿದವನೂ ಹಾಗೇ ಬರೆಯುತ್ತಾನೆ. ‘ಫ್ಯಾನಕ್ ಕಂಟ್ರೋಲಿನ ಲೇತುಗಳಲ್ಲಿ ಬ್ಯಾಕ್‌ಲ್ಯಾಶ್ ಅಳೆದು ಸರಿಪಡಿಸಿದ್ದೇನೆ’ ಎಂದಿದ್ದರೆ ಕರೆದು ಕೇಳಲು ಏನಾದರೂ ಸಿಗುತ್ತದೆ. ಟರೆಟ್ಟಿಗೆ ಡಯಲ್ ಗೇಜ್ ತಾಗಿಸಿ, ಹ್ಯಾಂಡ್‌ವೀಲಿನಲ್ಲಿ ಒಂದು ದಿಕ್ಕಿಗೆ ಸರಿಸಿ, ಹಿಂದಕ್ಕೆ ತಿರುಗಿಸಿದಾಗ ಮುಳ್ಳು ಎಷ್ಟು ತಡವಾಗಿ ಅಲುಗುತ್ತದೆ ಎಂದು ನೋಡಬೇಕು. 0.02 ಮಿಲಿಮೀಟರ್ ಬಂದರೆ ಕಂಟ್ರೋಲಿನ 1851ನೇ ಪ್ಯಾರಾಮೀಟರಿನಲ್ಲಿ ಅಷ್ಟನ್ನು ತುಂಬಿಸಬಹುದು. ನಿಜವಾಗಿ ಮಾಡಿದವನು ಇಷ್ಟಕ್ಕೆ ನಿಲ್ಲಿಸುವುದಿಲ್ಲ. ತಿಂಗಳು ತಿಂಗಳಿಗೂ ಆ ಅಂಕಿ ಏರುತ್ತಿದ್ದರೆ ಬಾಲ್‌ಸ್ಕ್ರೂ ಅಥವಾ ಅದರ ಬೇರಿಂಗ್ ಸವೆದಿದೆ, ಪ್ಯಾರಾಮೀಟರ್ ಬದಲಿಸಿ ಮುಚ್ಚಿಡುವುದು ತಪ್ಪು ಎಂದೂ ಅವನೇ ಹೇಳುತ್ತಾನೆ.

ಇನ್ನೂ ಚಿಕ್ಕ ಪರೀಕ್ಷೆ ಒಂದಿದೆ. ಪರದೆಯಲ್ಲಿ APC ಎಂದು ಮಿನುಗುತ್ತಿದೆ, ಆಬ್ಸಲ್ಯೂಟ್ ಎನ್‌ಕೋಡರಿನ ಬ್ಯಾಟರಿ ಹೇಗೆ ಬದಲಿಸುತ್ತೀಯ? ಸುರಕ್ಷತೆಯ ಪಾಠ ಓದಿದವರು ಮೊದಲು ಕರೆಂಟ್ ತೆಗೆಯುತ್ತೇನೆ ಅನ್ನುತ್ತಾರೆ. ಹಾಗೆ ಮಾಡಿದರೆ ಯಂತ್ರ ತನ್ನ ಹೋಮ್ ಸ್ಥಾನವನ್ನೇ ಮರೆಯುತ್ತದೆ, ಮತ್ತೆ ರೆಫರೆನ್ಸ್ ಕೂರಿಸುವ ತನಕ ಉತ್ಪಾದನೆ ನಿಂತಿರುತ್ತದೆ. ಎಮರ್ಜೆನ್ಸಿ ಸ್ಟಾಪ್ ಒತ್ತಿ, ಪವರ್ ಆನ್ ಇಟ್ಟೇ ಬದಲಿಸಬೇಕು.

ಬಿಇ ಆದವಳ ರೆಸ್ಯೂಮೆಯಲ್ಲಿ ಕಣ್ಣು ನಿಲ್ಲಬೇಕಾದದ್ದು ಸಿಜಿಪಿಎ ಮೇಲಲ್ಲ, ಕೊನೆಯ ವರ್ಷದ ಪ್ರಾಜೆಕ್ಟಿನ ಮೇಲೆ. ನಾಲ್ಕು ಜನ ಸೇರಿ ಮಾಡಿದ ‘ಸೋಲಾರ್ ಹುಲ್ಲು ಕತ್ತರಿಸುವ ಯಂತ್ರ’ ಅಂಗಡಿಯಿಂದ ಕೊಂಡು ತಂದದ್ದೂ ಆಗಿರಬಹುದು. ಮೋಟಾರಿನ ಶಕ್ತಿ ಹೇಗೆ ಲೆಕ್ಕ ಹಾಕಿದಿರಿ ಎಂಬ ಒಂದೇ ಪ್ರಶ್ನೆಗೆ ಬಣ್ಣ ಬಯಲಾಗುತ್ತದೆ. ಈಕೆ ಲೆಕ್ಕ ಬಿಡಿಸಿ ಹೇಳಿದಳು ಅನ್ನಿ. ಒಂದು ವರ್ಷದ ಕೆಲಸದಲ್ಲಿ ಯಾವ ಯಂತ್ರ ಎಷ್ಟು ಸಲ, ಯಾಕೆ ನಿಂತಿತು ಎಂಬ ಪಟ್ಟಿ ಇಟ್ಟು, ಒಂದೇ ಬೇರಿಂಗ್ ಮೂರು ಸಲ ಹೋದದ್ದಕ್ಕೆ ಕೂಲಂಟ್ ಒಳನುಗ್ಗುತ್ತಿದ್ದುದೇ ಕಾರಣ ಎಂದು ಹಿಡಿದಿದ್ದಾಳೆ ಅನ್ನಿ. ಅದೂ ಸಣ್ಣ ಮಾತಲ್ಲ. ಬಿಚ್ಚಿ ಹೊಸದು ಹಾಕುವುದು ಒಂದು ಕೆಲಸ, ಅದು ಮತ್ತೆ ಯಾಕೆ ಹೋಯಿತೆಂದು ಬೆನ್ನು ಹತ್ತುವುದು ಇನ್ನೊಂದು. (ಡಿಸಿಇಟಿ ಬರೆದು ನೇರ ಎರಡನೇ ವರ್ಷದ ಬಿಇಗೆ ಸೇರಿದ ಕೆಲವರು ರೆಸ್ಯೂಮೆಯಲ್ಲಿ ಡಿಪ್ಲೊಮಾವನ್ನೇ ಅಡಗಿಸುತ್ತಾರೆ. ಇಂಥ ಹುದ್ದೆಗೆ ಅದನ್ನೇ ಮೊದಲು ಕಾಣಿಸಬೇಕು.)

ರಾತ್ರಿ ಪಾಳಿಯಲ್ಲಿ ಒಬ್ಬರೇ ಇದ್ದು ಯಂತ್ರ ಎಬ್ಬಿಸಬೇಕಾದ ಹುದ್ದೆ ಇದಾದರೆ ನಾನು ಅವನನ್ನೇ ಆರಿಸುತ್ತೇನೆ. ಹಗಲು ಕೂತು ವರ್ಷದ ಮೆಂಟೆನೆನ್ಸ್ ಯೋಜನೆ ಹಾಕಿ, ಗ್ರಾಹಕ ಕಂಪನಿಯ ಆಡಿಟ್‌ಗೆ ಉತ್ತರ ಕೊಡಬೇಕಾದ ಹುದ್ದೆಯಾದರೆ ಅವಳನ್ನು. ಜಾಹೀರಾತಿನಲ್ಲಿ ಇವೆರಡನ್ನೂ ಒಂದೇ ಹೆಸರಿನಲ್ಲಿ ಕರೆಯುವುದರಿಂದಲೇ ಅರ್ಧ ಗೊಂದಲ.

ಆಯ್ಕೆಯಾದ ಮೇಲೆ ಡಿಪ್ಲೊಮಾದವನು ಆಫರ್ ಲೆಟರಿನಲ್ಲಿ ಒಂದು ಸಾಲು ನೋಡಿಕೊಳ್ಳಬೇಕು. ಜಾಹೀರಾತು ‘ಎಂಜಿನಿಯರ್’ ಎಂದಿದ್ದು ಪತ್ರದಲ್ಲಿ ‘ಟೆಕ್ನಿಷಿಯನ್’ ಎಂದು ಬಂದಿದ್ದರೆ, ಕೆಲಸ ಅದೇ ಇದ್ದರೂ ಸಂಬಳದ ಗ್ರೇಡ್ ಬೇರೆ, ಬಡ್ತಿಯ ದಾರಿಯೂ ಬೇರೆ. ಸಹಿ ಹಾಕುವ ಮುಂಚೆ ಕೇಳಿದರೆ ಬದಲಾಗುವ ಸಾಧ್ಯತೆ ಇದೆ, ಹಾಕಿದ ಮೇಲೆ ಬಹಳ ಕಷ್ಟ.